ನಾಳೆಯ ಓಟವನ್ನು ಇವತ್ತೇ ಬದಲಿಸುವ ಲೆಕ್ಕ

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಹಾದಿಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂಥ ದೂರದ ಓಟಗಳಿಗೆ ತಯಾರಾಗುವವರ ಫೋನಿನಲ್ಲೋ ಕೈಗಡಿಯಾರದಲ್ಲೋ ಒಂದು ತರಬೇತಿ ಆಪ್ ಇದ್ದೇ ಇರುತ್ತದೆ. ಓಟ ಮುಗಿದ ಮೇಲೆ ಅದು ಎಷ್ಟು ಹೊತ್ತು ಓಡಿದಿರಿ, ಎಷ್ಟು ಕಷ್ಟವಾಯಿತು, ಕಾಲು ನೋಯುತ್ತಿದೆಯೇ ಎಂದು ವಿಚಾರಿಸುತ್ತದೆ. ಉತ್ತರ ತುಂಬಿದ ಸ್ವಲ್ಪ ಹೊತ್ತಿಗೆ ನಾಳೆಗೆಂದು ಬರೆದಿದ್ದ ಏರು ಓಟ ಅಳಿಸಿ ಹೋಗಿ, ಆ ಜಾಗದಲ್ಲಿ ನಲವತ್ತು ನಿಮಿಷದ ನಿಧಾನ ಓಟ ಬಂದು ಕೂತಿರುತ್ತದೆ. ಇದರ ಹಿಂದಿರುವುದು ಶಾಲೆಯ ಗಣಿತಕ್ಕಿಂತ ಹೆಚ್ಚಿನದೇನಲ್ಲ.

ಎಷ್ಟು ಕಷ್ಟವಾಯಿತು ಎಂಬ ಪ್ರಶ್ನೆಗೆ ದೊಡ್ಡ ಚರಿತ್ರೆಯಿದೆ. ದೇಹದ ಶ್ರಮವನ್ನು ಮನುಷ್ಯನ ಬಾಯಿಂದಲೇ ಅಂಕಿಯಾಗಿ ಹೇಳಿಸಬಹುದೆಂದು ತೋರಿಸಿದವರು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್. ಅಮೆರಿಕದ ವ್ಯಾಯಾಮ ವಿಜ್ಞಾನಿ ಕಾರ್ಲ್ ಫಾಸ್ಟರ್ ಅದನ್ನು ಇನ್ನಷ್ಟು ಸುಲಭ ಮಾಡಿದರು. ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಹೇಳಿ, ಅದನ್ನು ವ್ಯಾಯಾಮದ ನಿಮಿಷಗಳಿಂದ ಗುಣಿಸಿದರೆ ಅಂದಿನ ಹೊರೆ ಸಿಗುತ್ತದೆ. ಒಂದು ಗಂಟೆಯ ಓಟಕ್ಕೆ ನಾಲ್ಕು ಎಂದರೆ 240. ಮುಗಿಸಿದ ಕೂಡಲೇ ಕೇಳದೆ ಅರ್ಧ ಗಂಟೆ ಬಿಟ್ಟು ಕೇಳಬೇಕೆಂಬುದು ಫಾಸ್ಟರ್ ವಿಧಾನದ ರೂಢಿ. ಇಲ್ಲದಿದ್ದರೆ ಕೊನೆಯ ಏರಿನ ಏದುಸಿರೇ ಇಡೀ ಓಟದ ಅಂಕಿಯಾಗಿಬಿಡುತ್ತದೆ.

ಒಂದು ದಿನದ ಹೊರೆಯಿಂದ ನಾಳೆಯನ್ನು ತೀರ್ಮಾನಿಸಲಾಗದು. ಅದಕ್ಕಾಗಿ ಅನೇಕ ಆಪ್‌ಗಳು ಎರಡು ಸರಾಸರಿಗಳನ್ನು ಜೊತೆಜೊತೆಗೆ ನಡೆಸಿಕೊಂಡು ಬರುತ್ತವೆ. ಈ ಯೋಚನೆಯ ಮೂಲ 1970ರ ದಶಕದಲ್ಲಿ ಕೆನಡಾದ ಎರಿಕ್ ಬ್ಯಾನಿಸ್ಟರ್ ಮತ್ತು ಸಂಗಡಿಗರು ಕಟ್ಟಿದ ಮಾದರಿಯಲ್ಲಿದೆ. ಪ್ರತಿ ವ್ಯಾಯಾಮವೂ ದೇಹಕ್ಕೆ ಕಸುವನ್ನೂ ದಣಿವನ್ನೂ ಒಟ್ಟಿಗೇ ಕೊಡುತ್ತದೆ. ಮಲೆನಾಡಿನ ಮಳೆಗೆ ಹಳ್ಳ ಒಂದೇ ದಿನದಲ್ಲಿ ಏರಿ ಬೇಗ ಇಳಿಯುವಂತೆ ದಣಿವು. ಬಾವಿಯ ನೀರು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವಂತೆ ಕಸುವು. ಹಾಗಾಗಿ ದಣಿವಿನ ಸರಾಸರಿಗೆ 7 ದಿನ, ಕಸುವಿನದಕ್ಕೆ 42 ದಿನ ಎಂದು ಇಟ್ಟುಕೊಳ್ಳುವುದು ವಾಡಿಕೆ. ಇವತ್ತಿನ ಹೊರೆ ಹಳೆಯ ಸರಾಸರಿಗಿಂತ ಎಷ್ಟು ಹೆಚ್ಚೋ ಅದರ ಏಳನೇ ಒಂದು ಭಾಗ ದಣಿವಿಗೆ, ನಲವತ್ತೆರಡನೇ ಒಂದು ಭಾಗ ಕಸುವಿಗೆ ಸೇರುತ್ತದೆ. ಕಡಿಮೆಯಿದ್ದರೆ ಅದೇ ಲೆಕ್ಕದಲ್ಲಿ ಕಳೆಯುತ್ತದೆ.

ಮೂಡಿಗೆರೆಯ ಒಬ್ಬ ಓಟಗಾರ್ತಿಯ ಕಸುವು 200, ದಣಿವು 210 ಎಂದಿಟ್ಟುಕೊಳ್ಳೋಣ. ಇವತ್ತು ಆಕೆ ತೋಟದ ಏರುದಾರಿಯಲ್ಲಿ ಒಂದೂವರೆ ಗಂಟೆ ಓಡಿ, ಕಷ್ಟ ಆರು ಎಂದು ಬರೆದರು. ಹೊರೆ 540. ದಣಿವು 257ಕ್ಕೆ ಜಿಗಿಯಿತು, ಕಸುವು 208ಕ್ಕೆ ಮಾತ್ರ ಏರಿತು. ದಣಿವು ಕಸುವಿಗಿಂತ 49 ಮುಂದಿದೆ. ಈ ಅಂತರ 45 ದಾಟಬಾರದೆಂದು ಆಪ್‌ಗೆ ಕಟ್ಟಳೆ ಇದೆ ಎನ್ನೋಣ. ನಾಳೆಗೆ ಮೊದಲು ಗೊತ್ತುಮಾಡಿದ್ದು 350ರ ಏರು ಓಟ. ಅದನ್ನೇ ಓಡಿದರೆ ಅಂತರ 59 ಆಗುತ್ತದೆ. ಬದಲಿಗೆ ನಲವತ್ತು ನಿಮಿಷ, ಕಷ್ಟ ಮೂರು ಎಂಬಷ್ಟು ನಿಧಾನವಾಗಿ ಓಡಿದರೆ ಹೊರೆ 120. ಅಂತರ 32ಕ್ಕೆ ಇಳಿಯುತ್ತದೆ. ಏರು ಓಟ ನಾಡಿದ್ದಿಗೆ ಹೋಗುತ್ತದೆ. ಆಪ್ ಬದಲಿಸಿದ್ದು ಇಷ್ಟೇ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಮಾತ್ರ ಒಂದು ಆಪ್‌ನಿಂದ ಇನ್ನೊಂದಕ್ಕೆ ಬೇರೆ. ಕೆಲವು ಆಪ್‌ಗಳು ನಿದ್ದೆಯನ್ನೂ ಬೆಳಗಿನ ಹೃದಯ ಬಡಿತವನ್ನೂ ಲೆಕ್ಕಕ್ಕೆ ಸೇರಿಸುತ್ತವೆ.

ಸಪಾಟು ರಸ್ತೆಯಲ್ಲಿ ಈ ಲೆಕ್ಕ ಬಹುಮಟ್ಟಿಗೆ ಸರಿಯಾಗಿ ನಡೆಯುತ್ತದೆ. ಗುಡ್ಡದಲ್ಲಿ ಅದು ಎಡವುವುದು ಇಳಿಜಾರಿನಲ್ಲಿ.

1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ, ಗಡಿಯಾರ ಅದನ್ನು ಹಿಡಿದುಕೊಳ್ಳುತ್ತದೆ. ಇಳಿಯುವಾಗ ಬಡಿತ ತಗ್ಗುತ್ತದೆ, ಉಸಿರು ಹಗುರವಾಗುತ್ತದೆ, ಕಷ್ಟ ಎಷ್ಟು ಎಂದರೆ ಮೂರು ಎನ್ನಬೇಕೆನಿಸುತ್ತದೆ. ಆದರೆ ತೊಡೆಯ ಮುಂಭಾಗದ ಸ್ನಾಯುಗಳಿಗೆ ನಿಜವಾದ ಪೆಟ್ಟು ಬೀಳುವುದು ಆಗಲೇ. ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆಯಲು ಸ್ನಾಯು ಬಿಗಿಯುತ್ತಲೇ ಉದ್ದವಾಗಬೇಕಾಗುತ್ತದೆ. ಹೀಗೆ ಎಳೆಸಿಕೊಂಡ ಸ್ನಾಯುವಿನ ನಾರುಗಳಲ್ಲಿ ಕಣ್ಣಿಗೆ ಕಾಣದ ಹಾನಿಯಾಗುತ್ತದೆ. ಅದರ ನೋವು ಅಂದು ಸಂಜೆ ಅಷ್ಟಾಗಿ ಗೊತ್ತಾಗುವುದಿಲ್ಲ. ಜೋರಾಗುವುದು ಒಂದರಿಂದ ಮೂರು ದಿನಗಳ ನಡುವೆ. ಇವತ್ತಿನ ದಾಖಲೆ ನೋಡಿ ನಾಳೆಯನ್ನು ತೀರ್ಮಾನಿಸುವ ಯಂತ್ರಕ್ಕೆ ನಾಡಿದ್ದಿನ ನೋವು ಕಾಣುವುದೇ ಇಲ್ಲ. ಅದು ಕೊಟ್ಟ ವಿಶ್ರಾಂತಿ ಮುಗಿದು ಏರು ಓಟ ಬರುವ ದಿನವೇ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗಬಹುದು.

ಒಮ್ಮೆ ಇಳಿದು ನೊಂದ ಸ್ನಾಯು ಮುಂದಿನ ಕೆಲವು ವಾರಗಳಲ್ಲಿ ಅದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಕಳಸದ ಗುಡ್ಡಗಳಲ್ಲಿ ದಿನಾ ಓಡಾಡುವವರಿಗೂ ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದು ಕುದುರೆಮುಖ ಹತ್ತಿ ಇಳಿಯುವವರಿಗೂ ಆಪ್ ಒಂದೇ ಹೊರೆ ತೋರಿಸಿದರೂ ಕಾಲು ಅನುಭವಿಸುವುದು ಬೇರೆ ಬೇರೆ.

ಎರಡನೆಯ ತೊಡಕು ತೋಟದ ಕೆಲಸ. ಆಪ್‌ಗೆ ಗೊತ್ತಿರುವುದು ದಾಖಲಾದ ಶ್ರಮ ಮಾತ್ರ. ಹಣ್ಣು ಕೊಯ್ಲಿನ ದಿನಗಳಲ್ಲಿ ಬೆಳಗಿನಿಂದ ಇಳಿಜಾರಿನಲ್ಲಿ ನಿಂತು, ಮೂಟೆ ಹೊತ್ತು, ಕಣದಲ್ಲಿ ಕಾಫಿ ಹರಡಿದವರು ಏನೂ ಬರೆಯದಿದ್ದರೆ ಅದು ವಿಶ್ರಾಂತಿಯ ದಿನವೆಂದೇ ಎಣಿಕೆಯಾಗುತ್ತದೆ, ನಾಳೆಗೆ ಕಠಿಣ ಓಟ ಸಿದ್ಧವಾಗುತ್ತದೆ. ಹಾಗೆಂದು ಒಂದು ದಿನ ಮಾತ್ರ ಬರೆದರೆ ಎಡವಟ್ಟು ಇನ್ನೊಂದು ಕಡೆಗೆ. ಎಂಟು ಗಂಟೆಯ ಕೆಲಸಕ್ಕೆ ಕಷ್ಟ ಎರಡು ಎಂದರೂ ಹೊರೆ 960, ಆ ಒಂದೂವರೆ ಗಂಟೆಯ ಓಟಕ್ಕಿಂತ ಎಷ್ಟೋ ಜಾಸ್ತಿ. ಆಪ್ ಗಾಬರಿಗೊಂಡು ಎಲ್ಲವನ್ನೂ ರದ್ದು ಮಾಡುತ್ತದೆ. ನಿಮಿಷದಿಂದ ಗುಣಿಸುವ ಲೆಕ್ಕ ಹಗುರವಾದ ದೀರ್ಘ ಕೆಲಸವನ್ನು ಹಿಗ್ಗಿಸಿ ತೋರಿಸುತ್ತದೆ. ಪ್ರತಿ ದಿನವೂ ತಪ್ಪದೆ ಬರೆದರೆ ಕೆಲವು ವಾರಗಳಲ್ಲಿ ಆ ಕೆಲಸ ಸರಾಸರಿಯೊಳಗೇ ಸೇರಿಕೊಳ್ಳುತ್ತದೆ. ಆಮೇಲೆ ಮಾಮೂಲಿಗಿಂತ ಹೆಚ್ಚಾದ ದಿನ ಮಾತ್ರ ಎದ್ದು ಕಾಣುತ್ತದೆ.

ಈ ಅಂತರಗಳಿಂದ ಗಾಯವನ್ನು ಮುಂಚೆಯೇ ಹೇಳಬಹುದೆಂಬ ಮಾತೂ ಇದೆ. ಇತ್ತೀಚಿನ ಹೊರೆಯನ್ನು ಹಿಂದಿನ ವಾರಗಳ ಸರಾಸರಿ ಹೊರೆಯಿಂದ ಭಾಗಿಸಿದರೆ 0.8ರಿಂದ 1.3ರ ನಡುವೆ ಇರಬೇಕೆಂಬ ಸೂತ್ರವನ್ನು ಆಸ್ಟ್ರೇಲಿಯದ ಟಿಮ್ ಗ್ಯಾಬೆಟ್ ಜನಪ್ರಿಯಗೊಳಿಸಿದರು. ಅದರ ಗಣಿತವನ್ನೇ ಪ್ರಶ್ನಿಸಿದ ಸಂಶೋಧಕರೂ ಇದ್ದಾರೆ. ಆದ್ದರಿಂದ ಪರದೆಯಲ್ಲಿ ಹಸಿರು ಕಂಡಿತೆಂದು ಮೊಣಕಾಲಿನ ನೋವನ್ನು ಲೆಕ್ಕಿಸದೆ ಓಡುವುದು ಸಲ್ಲ.

ಗುಡ್ಡದ ನಾಡಿನಲ್ಲಿ ಇಂಥ ಆಪ್ ಬಳಸುವವರು ಮೂರು ಕೆಲಸ ಮಾಡಲಿ. ಕಷ್ಟದ ಅಂಕಿಯನ್ನು ಅರ್ಧ ಗಂಟೆ ಬಿಟ್ಟು ತುಂಬಲಿ. ತೋಟದ ಕೆಲಸವನ್ನು ಬರೆಯುವುದಾದರೆ ಒಂದು ದಿನವೂ ಬಿಡದೆ ಬರೆಯಲಿ. ದೊಡ್ಡ ಇಳಿಜಾರು ಇಳಿದ ಮೇಲೆ ಮೂರು ದಿನ ಬೆಳಿಗ್ಗೆ ನಾಲ್ಕು ಮೆಟ್ಟಿಲು ಇಳಿದು ನೋಡಲಿ. ತೊಡೆ ನೋಯುತ್ತಿದ್ದರೆ ಆಪ್ ಏನೇ ಸೂಚಿಸಿದ್ದರೂ ಏರು ಓಟವನ್ನು ಒಂದು ದಿನ ಮುಂದೆ ಹಾಕಲಿ.