ಪಂಪು ಟಕ್ ಟಕ್ ಹೇಳುತ್ತದಾ? ಮೊದಲು ಬಕೆಟ್ ಹಿಡಿಯಿರಿ

ಪುತ್ತೂರು, ಸುಳ್ಯ, ಕಡಬ ಕಡೆ ಮನೆಗಳು ಹೆಚ್ಚಾಗಿ ಗುಡ್ಡೆಯ ಇಳಿಜಾರಿನಲ್ಲಿ. ಬಾವಿ ಕೆಳಗೆ ತೋಟದಲ್ಲಿ. ಮನೆ ಮೇಲಿನ ಟಾಂಕಿಗೂ ಬಚ್ಚಲಿನ ನಳ್ಳಿಗೂ ಏಳೆಂಟು ಅಡಿ ಎತ್ತರ ಸಿಗುವುದೇ ಕಷ್ಟ. ಮೀಯಲು ಶವರ್ ಬೇಕು, ಹಟ್ಟಿ ತೊಳೆಯಲು ರಭಸ ಬೇಕು ಎಂದು ಈಗ ಹಲವರು ಪ್ರೆಶರ್ ಪಂಪು ಕೂರಿಸಿಕೊಂಡಿದ್ದಾರೆ. ನಳ್ಳಿ ತಿರುಗಿಸಿದರೆ ಪಂಪು ತಾನೇ ಶುರು, ಮುಚ್ಚಿದರೆ ತಾನೇ ಬಂದ್.

ಒಂದೆರಡು ವರ್ಷ ಸುಖ. ಆಮೇಲೆ ಒಂದು ದಿನ ಪಂಪು ಎರಡು ಸೆಕೆಂಡಿಗೊಮ್ಮೆ 'ಟಕ್' ಎಂದು ಶುರುವಾಗಿ, 'ಟಕ್' ಎಂದು ನಿಲ್ಲುತ್ತದೆ. "ಸ್ವಿಚ್ ಹೋಗಿದೆ ಮಾರಾಯ್ರೆ, ಹೊಸದು ಹಾಕುವ" ಎನ್ನುವುದು ಸಾಮಾನ್ಯ ಸಲಹೆ. ಹೊಸ ಸ್ವಿಚ್ ಬರುತ್ತದೆ, ಕೆಲವೇ ತಿಂಗಳಲ್ಲಿ ಅದೂ ಕರಟುತ್ತದೆ. ಯಾಕೆಂದರೆ ಸದ್ದು ಬರುವುದು ಸ್ವಿಚ್ಚಿನಿಂದ, ರೋಗ ಇರುವುದು ಹೆಚ್ಚಾಗಿ ಪಕ್ಕದ ಪ್ರೆಶರ್ ಟಾಂಕಿಯಲ್ಲಿ.

ಟಾಂಕಿ ಇರುವುದು ನೀರಿಗಲ್ಲ, ಗಾಳಿಗೆ

ಪಂಪಿನ ಹತ್ತಿರ ಇರುವ ಕಬ್ಬಿಣದ ಉರುಟು ಟಾಂಕಿಯ ಒಳಗೆ ರಬ್ಬರಿನ ಬಲೂನು ಉಂಟು. ನೀರು ಬಲೂನಿನ ಒಳಗೆ, ಗಾಳಿ ಅದರ ಹೊರಗೆ. ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗಾಳಿಯನ್ನು ಆಗುತ್ತದೆ. ಪಂಪು ನೀರು ತುಂಬುವಾಗ ಗಾಳಿ ಸ್ಪ್ರಿಂಗಿನ ಹಾಗೆ ಕುಗ್ಗುತ್ತದೆ. ಪಂಪು ನಿಂತ ಮೇಲೆ ನಳ್ಳಿ ಬಿಟ್ಟರೆ ಅದೇ ಗಾಳಿ ನೀರನ್ನು ಹೊರಗೆ ದೂಡುತ್ತದೆ. ಆ ಗಾಳಿ ಇರುವಷ್ಟು ಹೊತ್ತು ಪಂಪಿಗೆ ವಿಶ್ರಾಂತಿ.

ಒಂದು ಲೆಕ್ಕ ಹಾಕಿ ನೋಡುವ. ಟಾಂಕಿ 24 ಲೀಟರಿನದ್ದು. ಸ್ವಿಚ್ 20 ಪೌಂಡಿಗೆ ಪಂಪು ಶುರು ಮಾಡಿ 40 ಪೌಂಡಿಗೆ ನಿಲ್ಲಿಸುವಂಥದ್ದು. ಗೇಜಿನಲ್ಲಿ ಕಿಲೋ ಲೆಕ್ಕ ಇದ್ದರೆ ಸುಮಾರು 1.4 ಮತ್ತು 2.8. ಟಾಂಕಿಯಲ್ಲಿ ನೀರಿಲ್ಲದಾಗ ಗಾಳಿ 18 ಪೌಂಡ್ ಇರಬೇಕು. ಹೀಗಿದ್ದರೆ ಪಂಪು ನಿಂತ ಮೇಲೆ ಮತ್ತೆ ಶುರುವಾಗುವ ಮೊದಲು ನಮಗೆ ಸಿಗುವುದು ಸುಮಾರು 8 ಲೀಟರ್ ನೀರು. 24 ಲೀಟರಿನ ಟಾಂಕಿಯಿಂದ 24 ಲೀಟರ್ ಸಿಗುತ್ತದೆ ಎಂದು ತಿಳಿಯಬೇಡಿ.

ಈಗ ನಿಮಿಷಕ್ಕೆ 10 ಲೀಟರ್ ಬರುವ ನಳ್ಳಿ ಬಿಟ್ಟಿದ್ದೀರಿ, ಪಂಪು ನಿಮಿಷಕ್ಕೆ 30 ಲೀಟರ್ ದೂಡುತ್ತದೆ ಎನ್ನುವ. ಪಂಪು ಮುಕ್ಕಾಲು ನಿಮಿಷ ನಿಲ್ಲುತ್ತದೆ, 24 ಸೆಕೆಂಡು ಓಡುತ್ತದೆ. ಗಾಳಿ ಬಹುತೇಕ ಹೋಗಿ ಅರ್ಧ ಲೀಟರ್ ಮಾತ್ರ ಸಿಗುವ ಸ್ಥಿತಿಯಾದರೆ? ಮೂರು ಸೆಕೆಂಡು ನಿಲ್ಲುತ್ತದೆ, ಒಂದೂವರೆ ಸೆಕೆಂಡು ಓಡುತ್ತದೆ. ಹತ್ತು ನಿಮಿಷದ ಸ್ನಾನಕ್ಕೆ ನೂರಕ್ಕಿಂತ ಹೆಚ್ಚು ಸಲ ಸ್ಟಾರ್ಟ್. ಪ್ರತಿ ಸ್ಟಾರ್ಟಿನಲ್ಲಿ ಮೋಟಾರು ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಸ್ವಿಚ್ಚು ಕರಟುವುದು, ಕೆಪಾಸಿಟರ್ ಹೋಗುವುದು, ಕೊನೆಗೆ ವೈಂಡಿಂಗ್ ಸುಡುವುದು ಎಲ್ಲ ಇದರ ಫಲ.

ಬಕೆಟಿನ ಪರೀಕ್ಷೆ

ಮೆಕ್ಯಾನಿಕ್‌ಗೆ ಹೇಳಿ ಕಳಿಸುವ ಮೊದಲು ಇದನ್ನು ಮಾಡಿ. ಎಲ್ಲ ನಳ್ಳಿ ಮುಚ್ಚಿ, ಪಂಪು ತಾನಾಗಿ ನಿಲ್ಲಲಿ. ಈಗ ಪಂಪಿನ ಹತ್ತಿರದ ನಳ್ಳಿ ಬಿಟ್ಟು ಬಕೆಟ್ ಹಿಡಿಯಿರಿ. ಪಂಪು ಮತ್ತೆ ಶುರುವಾದ ಕೂಡಲೇ ಮುಚ್ಚಿ. ಬಕೆಟಿನಲ್ಲಿ ಎಷ್ಟು ಬಂತೆಂದು ಅಳೆಯಿರಿ. 24 ಲೀಟರಿನ ಟಾಂಕಿಗೆ ಏಳೆಂಟು ಲೀಟರ್ ಬಂದರೆ ಟಾಂಕಿ ಸರಿ ಉಂಟು. ಒಂದು ಚೆಂಬು ಮಾತ್ರ ಬಂದರೆ ಗಾಳಿ ಹೋಗಿದೆ, ಇಲ್ಲವೇ ಬಲೂನು ಹರಿದಿದೆ.

ಇನ್ನೊಂದು ಗುರುತು ಗಡಿಯಾರದ್ದು. ನಳ್ಳಿಗಳೆಲ್ಲ ಮುಚ್ಚಿದ್ದಾಗ ಪಂಪು ತಾನಾಗಿ ಶುರುವಾಗುತ್ತದೆಯೇ ನೋಡಿ. ಶುರುವಾದರೆ ಎಲ್ಲೋ ಸೋರಿಕೆ ಉಂಟು. ಆಗ ಅದು ಹದಿನೈದು ಸೆಕೆಂಡಿನಷ್ಟು ಓಡಿ ನಿಂತರೆ ಟಾಂಕಿ ಸರಿ, ಸೋರಿಕೆ ಮಾತ್ರ ದೋಷ. ಒಂದೇ ಸೆಕೆಂಡಿನಲ್ಲಿ ನಿಂತರೆ ಟಾಂಕಿಯೂ ಕೆಟ್ಟಿದೆ, ಸೋರಿಕೆಯೂ ಉಂಟು. ಚಿಕ್ಕದಾಗಿ ಹೇಳುವುದಾದರೆ, ಪಂಪು ಓಡಿದ ಹೊತ್ತು ಟಾಂಕಿಯ ಸುದ್ದಿ ಹೇಳುತ್ತದೆ, ನಿಂತ ಹೊತ್ತು ಸೋರಿಕೆಯ ಸುದ್ದಿ ಹೇಳುತ್ತದೆ.

ಗಾಳಿ ತುಂಬುವ ಕ್ರಮ

ಟಾಂಕಿಯ ಒಂದು ತುದಿಯಲ್ಲಿ ಪ್ಲಾಸ್ಟಿಕ್ ಮುಚ್ಚಳದ ಅಡಿ ಗಾಳಿಯ ವಾಲ್ವ್ ಉಂಟು. ಅದು ಸ್ಕೂಟರ್ ಟ್ಯೂಬಿನಂಥದ್ದು, ಸಾದಾ ಸೈಕಲಿನದ್ದಲ್ಲ. ಹಾಗಾಗಿ ಸ್ಕೂಟರ್, ಕಾರಿಗೆ ಗಾಳಿ ಹಾಕುವ ಕಾಲುಪಂಪು ಮತ್ತು ಟಯರಿನ ಗೇಜ್ ಸಾಕು.

ಮೊದಲು ಮೈನ್ ಆಫ್ ಮಾಡಿ. ಆಮೇಲೆ ಹತ್ತಿರದ ನಳ್ಳಿ ಬಿಟ್ಟು ನೀರಿನ ಗೇಜು ಸೊನ್ನೆಗೆ ಬರುವ ತನಕ ನೀರೆಲ್ಲ ಹೋಗಲಿ. ನಳ್ಳಿಯನ್ನು ತೆರೆದೇ ಇಡಿ. ಈ ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ದಂಡ. ನೀರು ಒತ್ತಡದಲ್ಲಿರುವಾಗ ಗಾಳಿ ಅಳೆದರೆ ಗೇಜು ತೋರಿಸುವುದು ನೀರಿನ ಒತ್ತಡವನ್ನೇ. ಗಾಳಿ ಮುಕ್ಕಾಲು ಹೋಗಿದ್ದರೂ '35 ಪೌಂಡ್ ಉಂಟಲ್ಲ, ಸರಿ ಇದೆ' ಎಂದು ತೋರುತ್ತದೆ.

ನೀರು ಹೋದ ಮೇಲೆ ವಾಲ್ವಿನ ಪಿನ್ನನ್ನು ಸ್ವಲ್ಪ ಒತ್ತಿ ನೋಡಿ. ನೀರು ಚಿಮ್ಮಿದರೆ ಬಲೂನು ಹರಿದಿದೆ, ಗಾಳಿ ತುಂಬಿ ಪ್ರಯೋಜನವಿಲ್ಲ. ಬಾಯಿಯ ಬೋಲ್ಟ್ ಬಿಚ್ಚಿ ಬಲೂನು ಬದಲಿಸಲು ಬರುವ ಟಾಂಕಿಗಳು ಉಂಟು, ಅಂಥದ್ದಾದರೆ ಟಾಂಕಿಯನ್ನೇ ಎಸೆಯಬೇಕಾಗಿಲ್ಲ. ಗಾಳಿ ಮಾತ್ರ ಬಂದರೆ, ಪಂಪು ಶುರುವಾಗುವ ಒತ್ತಡಕ್ಕಿಂತ 2 ಪೌಂಡ್ ಕಡಿಮೆ ತುಂಬಿ. ಇಲ್ಲಿ 20ಕ್ಕೆ ಶುರು, ಹಾಗಾಗಿ 18.

ಹೆಚ್ಚು ತುಂಬಿದರೆ ಒಳ್ಳೆಯದೆಂದು 30 ಪೌಂಡ್ ಹಾಕುವವರಿದ್ದಾರೆ. ಆಗ 30ಕ್ಕೆ ಇಳಿಯುವಾಗಲೇ ಬಲೂನಿನ ನೀರು ಮುಗಿಯುತ್ತದೆ. ಸ್ವಿಚ್ ಶುರುವಾಗುವುದು 20ಕ್ಕೆ. ನಡುವೆ ನೀರು ಒಮ್ಮೆಲೇ ಕಟ್ ಆಗಿ, ಮತ್ತೆ ಜರ್ರೆಂದು ಬರುತ್ತದೆ. ಸಿಗುವ ನೀರೂ 8 ಲೀಟರಿನಿಂದ ನಾಲ್ಕೂವರೆಗೆ ಇಳಿಯುತ್ತದೆ. ಹೊಸ ಟಾಂಕಿಯಲ್ಲಿ ಕಂಪೆನಿಯವರು ತುಂಬಿ ಕಳಿಸಿದ ಗಾಳಿ ನಿಮ್ಮ ಸ್ವಿಚ್ಚಿಗೆ ಹೊಂದಬೇಕೆಂದಿಲ್ಲ. ಕೂರಿಸುವ ದಿನವೇ ಅಳೆದು ಸರಿ ಮಾಡಿಕೊಳ್ಳಬೇಕು.

ತುಂಬಿದ ಗಾಳಿ ವಾರದೊಳಗೆ ಹೋದರೆ ವಾಲ್ವಿಗೆ ಸಾಬೂನು ನೀರು ಹಚ್ಚಿ. ಗುಳ್ಳೆ ಬಂದರೆ ಒಳಗಿನ ಪಿನ್ ಬದಲಿಸಿ, ಸ್ಕೂಟರ್ ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆ.

ಸೋರಿಕೆ ಯಾವ ಬದಿಯಲ್ಲಿ?

ಗಾಳಿ ಸರಿಯಾದ ಮೇಲೆಯೇ ಸೋರಿಕೆ ಹುಡುಕಬೇಕು. ಗಾಳಿಯಿಲ್ಲದ ಟಾಂಕಿಯಲ್ಲಿ ಒಂದು ಲೋಟ ನೀರು ಸೋರಿದರೂ ಮುಳ್ಳು ದಡಕ್ಕನೆ ಬೀಳುತ್ತದೆ, ಸೋರಿಕೆ ಸಣ್ಣದೋ ದೊಡ್ಡದೋ ತಿಳಿಯುವುದಿಲ್ಲ.

ಪಂಪು 40ಕ್ಕೆ ನಿಂತ ಕೂಡಲೇ ಮೈನ್ ಆಫ್ ಮಾಡಿ. ಟಾಂಕಿಯಿಂದ ಮನೆಗೆ ಹೋಗುವ ಪೈಪಿನ ಗೇಟ್ ವಾಲ್ವ್ ಮುಚ್ಚಿ. ಗೇಜು ವಾಲ್ವಿನಿಂದ ಪಂಪಿನ ಬದಿಗೆ ಇರಬೇಕು. ಅರ್ಧ ಗಂಟೆ ಕಾಯಿರಿ.

ಮುಳ್ಳು ಇಳಿದರೆ ನೀರು ಹಿಂದಕ್ಕೆ, ಅಂದರೆ ಬಾವಿಗೆ ಹೋಗುತ್ತಿದೆ, ಇಲ್ಲವೇ ಪಂಪಿನ ಹತ್ತಿರದ ಜಾಯಿಂಟ್ ಸೋರುತ್ತಿದೆ. ಜಾಯಿಂಟ್ ಕಣ್ಣಿಗೆ ಕಾಣುತ್ತದೆ. ಕಾಣದಿದ್ದರೆ ಪಂಪಿಗೂ ಟಾಂಕಿಗೂ ನಡುವಿನ ಚೆಕ್ ವಾಲ್ವ್, ಇಲ್ಲವೇ ಬಾವಿಯ ಅಡಿಯ ಫುಟ್ ವಾಲ್ವ್ ಬಿಚ್ಚಿ. ಒಂದು ಮರಳಿನ ಕಾಳೋ ಎಲೆಯ ದಂಟೋ ಸಿಕ್ಕಿಕೊಂಡರೆ ಸಾಕು, ಅದು ಪೂರ್ತಿ ಮುಚ್ಚುವುದಿಲ್ಲ.

ಮುಳ್ಳು ಅಲ್ಲೇ ನಿಂತರೆ ಸೋರಿಕೆ ಮನೆಯ ಬದಿಯಲ್ಲಿ. ವಾಲ್ವ್ ತೆರೆದು ಹಟ್ಟಿಯ ಲೈನು, ಬಚ್ಚಲಿನ ಲೈನು, ಅಂಗಳದ ಲೈನು ಒಂದೊಂದಾಗಿ ಮುಚ್ಚಿ ನೋಡಿ. ಮೊದಲು ಪಾಯಿಖಾನೆಯ ಫ್ಲಶ್ ಟಾಂಕಿ, ದನಗಳ ತೊಟ್ಟಿಯ ಫ್ಲೋಟ್ ವಾಲ್ವ್ ಪರೀಕ್ಷಿಸಿ. ಅಲ್ಲಿ ಸದ್ದಿಲ್ಲದೆ ಹರಿಯುತ್ತಿರುತ್ತದೆ. ಆಟಿ ತಿಂಗಳಲ್ಲಿ ನೆಲವೆಲ್ಲ ಒದ್ದೆ, ಮಣ್ಣಿನಡಿಯ ಪೈಪು ಸೋರಿದರೂ ಕಾಣುವುದಿಲ್ಲ. ಆಗ ಗೇಜಿನ ಮುಳ್ಳೇ ಕಣ್ಣು.

ನಮ್ಮ ಲೆಕ್ಕದ ಟಾಂಕಿಯಲ್ಲಿ ಮುಳ್ಳು 40ರಿಂದ 30ಕ್ಕೆ ಇಳಿದರೆ ಸುಮಾರು 3 ಲೀಟರ್ ಹೋಗಿದೆ ಎಂದು ಅರ್ಥ. ಅರ್ಧ ಗಂಟೆಗೆ ಅಷ್ಟಾದರೆ ದಿನಕ್ಕೆ ನೂರೈವತ್ತು ಲೀಟರಿನ ಹತ್ತಿರ. ಬೇಸಗೆಯ ಕೊನೆಗೆ ತಳ ಕಾಣುವ ಬಾವಿಯಿದ್ದವರಿಗೆ ಇದು ಸಣ್ಣ ಸಂಗತಿಯಲ್ಲ.

ಸ್ವಿಚ್ಚಿನದ್ದೇ ದೋಷವಾದರೆ

ಬಕೆಟಿಗೆ ಎಂಟು ಲೀಟರ್ ಬರುತ್ತದೆ, ಮುಳ್ಳೂ ನಿಲ್ಲುತ್ತದೆ, ಆದರೂ ಪಂಪು ಶುರುವಾಗುವ ಹೊತ್ತಿಗೆ ಪಟಪಟ ಎನ್ನುತ್ತದೆ ಎಂದಾದರೆ ಸ್ವಿಚ್ಚಿನ ಮುಚ್ಚಳ ತೆಗೆಯಬೇಕು. ಮೈನ್ ಆಫ್ ಮಾಡಿ, ಫ್ಯೂಸ್ ಕಿತ್ತು ಕಿಸೆಯಲ್ಲಿಟ್ಟುಕೊಂಡೇ ಕೈ ಹಾಕಿ.

ಒಳಗೆ ಕಾಂಟ್ಯಾಕ್ಟ್ ಪಾಯಿಂಟ್ ಕಾಣುತ್ತದೆ. ಕಪ್ಪಾಗಿ ಹೊಂಡ ಬಿದ್ದಿದ್ದರೆ ಅದು ಸರಿಯಾಗಿ ಕೂರುವುದಿಲ್ಲ, ಕಿಡಿ ಹಾರುತ್ತದೆ. ವೋಲ್ಟೇಜ್ ಕಡಿಮೆ ಇರುವ ಸಂಜೆ ಇದು ಇನ್ನೂ ಜೋರು. ಎಷ್ಟೋ ಸಲ ಪಾಯಿಂಟಿನ ನಡುವೆ ಸಿಕ್ಕಿ ಸತ್ತ ಇರುವೆಯೇ ಕಾರಣ. ದಪ್ಪ ಕಾಗದದ ತುಂಡನ್ನು ನಡುವೆ ಎಳೆದು ಒರೆಸಿ. ಅರದಿಂದ ತಿಕ್ಕಿದರೆ ಮೇಲಿನ ಒಳ್ಳೆಯ ಲೋಹ ಹೋಗಿ ಬೇಗ ಸುಡುತ್ತದೆ. ಹೊಂಡ ಆಳವಾಗಿದ್ದರೆ ಸ್ವಿಚ್ ಬದಲಿಸುವುದೇ ಸರಿ. ಪಾಯಿಂಟ್ ಬೆಸೆದು ಅಂಟಿದರೆ ಪಂಪು ನಿಲ್ಲುವುದೇ ಇಲ್ಲ, ಮುಳ್ಳು 40 ದಾಟಿ ಹೋಗುತ್ತದೆ. ಆಗ ಕೂಡಲೇ ಮೈನ್ ಆಫ್ ಮಾಡಿ.

ಕೊಳವೆಬಾವಿಯ ಕೆಂಪು ನೀರಿನವರು ಸ್ವಿಚ್ಚಿಗೆ ಹೋಗುವ ಸಪೂರ ನಳಿಗೆಯನ್ನೂ ಬಿಚ್ಚಿ ನೋಡಬೇಕು. ತುಕ್ಕಿನ ಕೆಸರು ಕಟ್ಟಿದರೆ ಒತ್ತಡ ಸ್ವಿಚ್ಚಿಗೆ ತಡವಾಗಿ ಮುಟ್ಟುತ್ತದೆ. ತಂತಿಯಲ್ಲಿ ಚುಚ್ಚಿ ತೆಗೆದರೆ ಆಯಿತು.

ಇನ್ನು ಸ್ಪ್ರಿಂಗಿನ ನಟ್ಟು. ಎರಡು ಸ್ಪ್ರಿಂಗ್ ಇರುವ ಸ್ವಿಚ್ಚಿನಲ್ಲಿ ದೊಡ್ಡದು ಶುರು ಮತ್ತು ಬಂದ್ ಎರಡನ್ನೂ ಒಟ್ಟಿಗೆ ಏರಿಳಿಸುತ್ತದೆ. ಸಣ್ಣದು ಎರಡರ ಅಂತರವನ್ನು ಬದಲಿಸುತ್ತದೆ. ಅಂತರ ಕಿರಿದಾದರೆ ಟಕ್ ಟಕ್ ಹೆಚ್ಚುತ್ತದೆ. ಅಗಲ ಮಾಡುತ್ತಾ ಹೋದರೆ ಪಂಪಿಗೆ ಏರಿಸಲಾಗದಷ್ಟು ಒತ್ತಡವನ್ನು ಸ್ವಿಚ್ಚು ಕೇಳುತ್ತದೆ, ಪಂಪು ನಿಲ್ಲದೆ ಓಡಿ ಬಿಸಿಯಾಗುತ್ತದೆ. ಗಾಳಿ ಅಳೆಯದೆ ನಟ್ಟು ಮುಟ್ಟಬೇಡಿ. ದೊಡ್ಡ ನಟ್ಟು ತಿರುಗಿಸಿದರೆ ಟಾಂಕಿಯ ಗಾಳಿಯನ್ನೂ ಹೊಸ ಒತ್ತಡಕ್ಕೆ ಹೊಂದಿಸಬೇಕು.

ಟಾಂಕಿಯ ಮೇಲೆ ಪೈಂಟಿನಲ್ಲಿ ಮೂರು ಅಂಕೆ ಬರೆದಿಡಿ: ಗಾಳಿ 18, ಶುರು 20, ಬಂದ್ 40. ಬಕೆಟಿಗೆ ಬಂದ ನೀರಿನ ಲೆಕ್ಕವನ್ನೂ ತಾರೀಕಿನೊಟ್ಟಿಗೆ ಬರೆಯಿರಿ. ಮಳೆಗಾಲದ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಬಕೆಟ್ ಹಿಡಿದರೆ ಸಾಕು. ಎಂಟು ಲೀಟರ್ ಐದಕ್ಕೆ ಇಳಿದಾಗಲೇ ಗಾಳಿ ಹಾಕಿದರೆ ಟಕ್ ಟಕ್ ಕೇಳುವ ಪ್ರಮೇಯ ಬರುವುದಿಲ್ಲ.