ಒಂದೇ ವೆಬಿನಾರ್, ಎರಡು ಕಂಪನಿ: ಬಂದವರಿಗೆ ಫೋನ್ ಮಾಡುವವರು ಯಾರು?

ಬೆಳಿಗ್ಗೆ ಹತ್ತು ಗಂಟೆ. ಕಾರ್ಖಾನೆಯೊಂದರ ಎಚ್‌ಆರ್ ಮ್ಯಾನೇಜರ್‌ಗೆ ಕರೆ ಬರುತ್ತದೆ: “ಮೇಡಂ, ನಿನ್ನೆ ನಮ್ಮ ವೆಬಿನಾರ್‌ಗೆ ಬಂದಿದ್ರಲ್ಲ...” ಹತ್ತೂಕಾಲಿಗೆ ಇನ್ನೊಂದು ಕಂಪನಿಯಿಂದ ಅದೇ ಮಾತು. “ಈಗ ತಾನೇ ಮಾತಾಡಿದೆನಲ್ಲಾ” ಎಂದು ಅವರು ಫೋನ್ ಇಡುತ್ತಾರೆ. ಇಬ್ಬರು ಸೇರಿ ನಡೆಸಿದ ವೆಬಿನಾರ್ ಕೆಡುವುದು ಹೆಚ್ಚಾಗಿ ಹೀಗೆ, ಕಾರ್ಯಕ್ರಮ ಮುಗಿದ ಮರುದಿನ. ಅದನ್ನು ತಪ್ಪಿಸುವ ಜಾಗ ಮಾತ್ರ ತಿಂಗಳ ಹಿಂದೆ ಪಾಲುದಾರ ಕಂಪನಿಗೆ ಬರೆದ ಪ್ರಸ್ತಾವ.

ಬೆಂಗಳೂರಿನ ಎರಡು ಸಣ್ಣ ಕಂಪನಿಗಳನ್ನು ಊಹಿಸಿಕೊಳ್ಳಬಹುದು. ಒಂದು ಸಂಬಳದ ಲೆಕ್ಕ ಮಾಡುವ ಸಾಫ್ಟ್‌ವೇರ್ ಮಾರುತ್ತದೆ, ಇನ್ನೊಂದು ಬೆರಳಚ್ಚಿನ ಹಾಜರಿ ಯಂತ್ರ. ಇಬ್ಬರ ಗಿರಾಕಿಯೂ ಪೀಣ್ಯ, ಬೊಮ್ಮಸಂದ್ರಗಳ ಎಚ್‌ಆರ್ ವಿಭಾಗವೇ. ಆದರೆ ಒಬ್ಬರ ಮಾಲು ಇನ್ನೊಬ್ಬರ ಬಳಿ ಇಲ್ಲ. ಜೊತೆಗೂಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು.

ಸಂಬಳದ ಕಂಪನಿ ಬರೆಯುವ ಪ್ರಸ್ತಾವ ತನ್ನ ಹೊಗಳಿಕೆಯಿಂದ ಶುರುವಾಗುವುದಿಲ್ಲ. ಮೊದಲ ಸಾಲಿನಲ್ಲೇ ವಿಷಯವಿದೆ: ಹಾಜರಿ ದಾಖಲೆಯ ತಪ್ಪು ಪಿಎಫ್, ಇಎಸ್‌ಐ ಲೆಕ್ಕವನ್ನು ಹೇಗೆ ಕೆಡಿಸುತ್ತದೆ. ಇದನ್ನು ಹೇಳಲು ಎರಡೂ ಕಂಪನಿ ಬೇಕು. ಬರೀ ಒಂದರ ಜಾಹೀರಾತಾಗುವ ವಿಷಯವಾದರೆ ಇನ್ನೊಂದು ಒಪ್ಪುವುದೂ ಇಲ್ಲ. ಮುಂದಿನ ಸಾಲು ದಿನಾಂಕ. ತಿಂಗಳ ಮೊದಲ ವಾರ ಸಂಬಳದ ಗಡಿಬಿಡಿ, 15ಕ್ಕೆ ಪಿಎಫ್ ಮತ್ತು ಇಎಸ್‌ಐ ಕಟ್ಟುವ ಕೊನೆಯ ದಿನ. ಹಾಗಾಗಿ 20ರಿಂದ 25ರ ನಡುವಿನ ಒಂದು ಮಧ್ಯಾಹ್ನ.

ಆಮೇಲೆ ಕೆಲಸದ ಹಂಚಿಕೆ. ಸಂಬಳದ ಕಂಪನಿಯ ಬಳಿ 8,000 ಇಮೇಲ್ ವಿಳಾಸಗಳಿವೆ, ಹಾಜರಿ ಕಂಪನಿಯ ಬಳಿ 3,000 ಎಂದುಕೊಳ್ಳೋಣ. ಪಟ್ಟಿ ಯಾರೂ ಯಾರಿಗೂ ಕೊಡುವುದಿಲ್ಲ, ಅವರವರ ಗಿರಾಕಿಗಳಿಗೆ ಅವರವರೇ ಆಹ್ವಾನ ಕಳಿಸುತ್ತಾರೆ. ಪಟ್ಟಿ ಚಿಕ್ಕದಾದವರು ಆ ಕೊರತೆಯನ್ನು ದುಡಿಮೆಯಲ್ಲಿ ತುಂಬುತ್ತಾರೆ: ಸ್ಲೈಡ್, ನಿರೂಪಣೆ, ಎರಡು ದಿನ ಮೊದಲಿನ ರಿಹರ್ಸಲ್, ವೆಬಿನಾರ್ ಲೈಸೆನ್ಸಿನ ಖರ್ಚು. ಪ್ರತಿ ಕೆಲಸದ ಎದುರು ಒಬ್ಬರದೇ ಹೆಸರು, ಒಂದು ತಾರೀಖು. “ಇಬ್ಬರೂ ನೋಡಿಕೊಳ್ಳುವುದು” ಎಂದು ಬರೆದ ಕೆಲಸ ಕೊನೆಯ ದಿನದವರೆಗೂ ಹಾಗೇ ಉಳಿದಿರುತ್ತದೆ.

ಯಾರು ಯಾರನ್ನು ಕರೆತಂದರು ಎಂಬುದನ್ನು ನೆನಪಿಗೆ ಬಿಡುವಂತಿಲ್ಲ. ನೋಂದಣಿ ಪುಟ ಒಂದೇ, ಆದರೆ ಇಬ್ಬರ ಲಿಂಕಿನ ಬಾಲ ಬೇರೆ. ಹಾಜರಿ ಕಂಪನಿಯ ಮೇಲ್‌ನಲ್ಲಿ ಹೋಗುವುದು ಇಂಥದ್ದು:

```
https://example.com/webinar?utm_source=hajari&utm_medium=email
```

ಸಂಬಳದ ಕಂಪನಿಯ ಲಿಂಕಿನಲ್ಲಿ `utm_source` ಮುಂದೆ ಬೇರೆ ಪದವಿರುತ್ತದೆ. ಅರ್ಜಿಯಲ್ಲಿ ಕಣ್ಣಿಗೆ ಕಾಣದ ಒಂದು ಖಾನೆ ಆ ಪದವನ್ನು ಹಿಡಿದಿಟ್ಟುಕೊಳ್ಳುತ್ತದೆ. 240 ಜನ ನೋಂದಾಯಿಸಿದರೆ 150 ಒಂದು ಕಡೆಯಿಂದ, 60 ಇನ್ನೊಂದು ಕಡೆಯಿಂದ ಎಂದು ತಿಳಿಯುತ್ತದೆ. ಉಳಿದ 30 ಹೆಸರುಗಳ ಮುಂದೆ ಆ ಖಾನೆ ಖಾಲಿ: ಯಾರೋ ಬಾಲ ಕತ್ತರಿಸಿ ವಾಟ್ಸಾಪ್‌ನಲ್ಲಿ ಹಾಕಿದ ಲಿಂಕಿನಿಂದ ಬಂದವರಿರಬಹುದು. ಇವರನ್ನು ಇಬ್ಬರಿಗೂ ಸೇರಿದವರೆಂದು ಮೊದಲೇ ಬರೆದಿಟ್ಟರೆ ಜಗಳವಿಲ್ಲ. ಖಾಲಿ ಖಾನೆ ಮೊದಲ ದಿನವೇ ಹೆಚ್ಚುತ್ತಿದ್ದರೆ ಲಿಂಕೇ ತಪ್ಪು ಹೋಗಿದೆ ಎಂದು ಅರ್ಥ. ಆಗಲೇ ಸರಿಪಡಿಸಬೇಕು, ಕಾರ್ಯಕ್ರಮ ಮುಗಿದ ಮೇಲೆ ದಾರಿಯಿಲ್ಲ.

240 ಹೆಸರುಗಳಿವೆ ಎಂದು ಅಷ್ಟನ್ನೂ ಹಂಚಿಕೊಳ್ಳುವಂತಿಲ್ಲ. “ನನ್ನ ವಿವರವನ್ನು ಎರಡೂ ಕಂಪನಿಗಳು ಬಳಸಬಹುದು” ಎಂಬ ಸಾಲು ಅರ್ಜಿಯಲ್ಲಿ ಕಂಪನಿಗಳ ಹೆಸರಿನ ಸಮೇತ ಇರಬೇಕು, ಅದರ ಚೌಕಕ್ಕೆ ಟಿಕ್ ಹಾಕುವುದು ನೋಂದಾಯಿಸುವವರ ಕೈ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವುದೂ ವ್ಯಕ್ತಿ ತಿಳಿದು, ತಾನಾಗಿ, ಸ್ಪಷ್ಟವಾಗಿ ಕೊಟ್ಟ ಒಪ್ಪಿಗೆಯನ್ನೇ. ಟಿಕ್ ಹಾಕದವರು ಕರೆತಂದ ಕಂಪನಿಯ ಪಟ್ಟಿಯಲ್ಲೇ ಉಳಿಯುತ್ತಾರೆ. ಖಾನೆಯೂ ಖಾಲಿ, ಟಿಕ್ಕೂ ಇಲ್ಲ ಎನ್ನುವವರಿಗೆ ಯಾರೂ ಕರೆ ಮಾಡುವುದಿಲ್ಲ.

ಇನ್ನು ಆ ಎರಡು ಫೋನುಗಳ ಸಮಸ್ಯೆ. ವೆಬಿನಾರ್ ಮುಗಿಯುವ ಮೊದಲು ತೆರೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ: ಯಾವುದರ ಬಗ್ಗೆ ಇನ್ನಷ್ಟು ತಿಳಿಯಬೇಕು, ಸಂಬಳದ ಲೆಕ್ಕವೋ, ಹಾಜರಿ ಯಂತ್ರವೋ, ಎರಡೂ ಬೇಡವೋ? ಉತ್ತರಿಸಿದವರಿಗೆ ಅವರು ಆರಿಸಿದ ಕಂಪನಿ ಮಾತ್ರ ಫೋನ್ ಮಾಡುತ್ತದೆ. ಬೇಡ ಎಂದವರ ತಂಟೆಗೆ ಯಾರೂ ಹೋಗುವುದಿಲ್ಲ. ಟಿಕ್ ಹಾಕಿಯೂ ಉತ್ತರಿಸದೆ ಹೋದವರಿಗೆ ಕರೆತಂದ ಕಂಪನಿ ಮೊದಲ ಐದು ಕೆಲಸದ ದಿನಗಳಲ್ಲಿ ಕರೆ ಮಾಡಬಹುದು, ಇನ್ನೊಂದರ ಸರದಿ ಆಮೇಲೆ. ಖಾನೆ ಖಾಲಿ ಇದ್ದವರನ್ನು ಸರಿಪಾಲು ಮಾಡಿಕೊಳ್ಳುತ್ತಾರೆ. ಈಗಾಗಲೇ ಒಬ್ಬರ ಗಿರಾಕಿಯಾಗಿರುವವರ ಹೆಸರಿನ ಮುಂದೆ ಗುರುತು ಹಾಕಿರುತ್ತಾರೆ. ಅವರಿಗೆ ಇನ್ನೊಬ್ಬರು ನೇರವಾಗಿ ಫೋನ್ ಮಾಡದೆ ಆ ಕಂಪನಿಯವರ ಮೂಲಕವೇ ಹೋಗುತ್ತಾರೆ.

ಪ್ರಸ್ತಾವದ ಕೊನೆಯ ಸಾಲು ಮೂವತ್ತು ದಿನಗಳ ನಂತರದ ಒಂದು ಅರ್ಧ ಗಂಟೆಯ ಸಭೆ. ಎಷ್ಟು ಕರೆ ಮಾಡಿದೆವು, ಎಷ್ಟು ಜನ ಡೆಮೊ ಕೇಳಿದರು ಎಂಬುದನ್ನು ಇಬ್ಬರೂ ಒಂದೇ ಹಾಳೆಯಲ್ಲಿ ಬರೆದು ತರುತ್ತಾರೆ. 60 ಜನರನ್ನಷ್ಟೇ ಕರೆತಂದ ಹಾಜರಿ ಕಂಪನಿಗೆ ಒಂಬತ್ತು ಡೆಮೊ, 150 ಜನರನ್ನು ತಂದ ಸಂಬಳದ ಕಂಪನಿಗೆ ಮೂರೇ ಸಿಕ್ಕಿದ್ದರೆ ಮುಂದಿನ ವೆಬಿನಾರಿನ ಖರ್ಚನ್ನು ಯಾರು ಹೆಚ್ಚು ಹೊರಬೇಕು ಎಂಬ ಮಾತು ಆ ಹಾಳೆಯಿಂದಲೇ ಶುರುವಾಗುತ್ತದೆ.