ಮುಕ್ಕಾಲು ಕಿಲೋ ಸುಟ್ಟರೆ ಎರಡೂಕಾಲು ಕಿಲೋ

ಬಂಕಿನಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಹುಡುಗ ‘ಝೀರೋ ನೋಡ್ಕೊಳ್ಳಿ ಸಾರ್’ ಎನ್ನುತ್ತಾನೆ. ನಾವು ಸೊನ್ನೆ ನೋಡುತ್ತೇವೆ, ಆಮೇಲೆ ರೂಪಾಯಿ ನೋಡುತ್ತೇವೆ. ಅದೇ ಯಂತ್ರದ ಮೇಲೆ ಡೆನ್ಸಿಟಿ ಎಂಬ ಇನ್ನೊಂದು ಅಂಕಿ ಇರುತ್ತದೆ. ಅದರತ್ತ ಕಣ್ಣು ಹಾಯಿಸುವವರು ಕಡಿಮೆ. ಅದು 745 ಎಂದಿದ್ದರೆ ಒಂದು ಲೀಟರ್ ಪೆಟ್ರೋಲ್ 745 ಗ್ರಾಂ ತೂಗುತ್ತದೆ ಎಂದರ್ಥ. ಮುಕ್ಕಾಲು ಕಿಲೋಗೆ ತುಸು ಕಡಿಮೆ.

ಇಷ್ಟನ್ನು ಸುಟ್ಟರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಇದನ್ನು ಹೇಳಿದಾಗಲೆಲ್ಲ ಯಾರಾದರೂ ತಕರಾರು ತೆಗೆಯುತ್ತಾರೆ: ಹಾಕಿದ್ದೇ ಮುಕ್ಕಾಲು ಕಿಲೋ, ಬಂದದ್ದು ಅದರ ಮೂರು ಪಟ್ಟು ಹೇಗಾಯಿತು? ಸಂಶಯ ನ್ಯಾಯವಾದದ್ದೇ. ಉತ್ತರ ಗಾಳಿಯಲ್ಲಿದೆ.

ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಒಂದರ ಅಣುವಿನಲ್ಲಿ ನಾಲ್ಕೇ ಇಂಗಾಲದ ಪರಮಾಣುಗಳಿದ್ದರೆ ಇನ್ನೊಂದರಲ್ಲಿ ಹತ್ತು, ಹನ್ನೆರಡು. ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಲಾಗದು. ಹಾಗಾಗಿ ನಡುವಿನ ಆಕ್ಟೇನನ್ನು, ಅಂದರೆ C8H18 ಅನ್ನು, ಎಲ್ಲದರ ಪ್ರತಿನಿಧಿಯಾಗಿ ಇಟ್ಟುಕೊಳ್ಳುತ್ತಾರೆ. ಅದು ಪೂರ್ತಿ ಉರಿದಾಗ ಆಗುವುದು ಇಷ್ಟು:

2C8H18 + 25O2 → 16CO2 + 18H2O

ಇಂಗಾಲದ ಪರಮಾಣು ತೂಕ 12, ಜಲಜನಕದ್ದು 1, ಆಮ್ಲಜನಕದ್ದು 16. ಆಕ್ಟೇನಿನಲ್ಲಿ ಎಂಟು ಇಂಗಾಲ, ಅಂದರೆ 96. ಹದಿನೆಂಟು ಜಲಜನಕ ಸೇರಿ 114. ಉರಿಯುವಾಗ ಪ್ರತಿಯೊಂದು ಇಂಗಾಲವೂ ಗಾಳಿಯಿಂದ ಎರಡು ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. 12 ಇದ್ದದ್ದು 44 ಆಗುತ್ತದೆ. ತೂಕ ಏರುವುದು ಇಲ್ಲಿಯೇ. ಎಂಟು ಇಂಗಾಲಕ್ಕೆ ಎಂಟು ನಲವತ್ತನಾಲ್ಕು, 352. ಹೀಗೆ 114 ಗ್ರಾಂ ಆಕ್ಟೇನ್ 352 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ, ಸುಮಾರು 3.09 ಪಟ್ಟು. ನಮ್ಮ 745 ಗ್ರಾಂ ಅನ್ನು ಇದರಿಂದ ಗುಣಿಸಿದರೆ 2,300 ಗ್ರಾಂ. ಅದರಲ್ಲಿ ಪೆಟ್ರೋಲಿನಿಂದ ಬಂದ ಇಂಗಾಲ 627 ಗ್ರಾಂ ಮಾತ್ರ. ಮಿಕ್ಕಿದ್ದೆಲ್ಲ ಗಾಳಿಯ ಆಮ್ಲಜನಕ.

ಜಲಜನಕದ ಪಾಲೂ ಸುಮ್ಮನೆ ಹೋಗುವುದಿಲ್ಲ, ಒಂದು ಕಿಲೋಗಿಂತ ತುಸು ಹೆಚ್ಚು ನೀರಾಗುತ್ತದೆ. ಚಳಿಗಾಲದ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವುದು ಇದೇ ನೀರು. ಅದು ಕಣ್ಣಿಗೆ ಬೀಳುತ್ತದೆ, ಜೊತೆಗೇ ಬರುವ ಅನಿಲ ಬೀಳುವುದಿಲ್ಲ. ಆ 2.3 ಕಿಲೋ ಅನಿಲವನ್ನು 25 ಡಿಗ್ರಿ ಶಾಖದಲ್ಲಿ ತುಂಬಿಡುವುದಾದರೆ ಮನೆಯ ತಾರಸಿ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕ್ ಕೂಡ ಸಾಲದು. ಇನ್ನೂ 280 ಲೀಟರ್ ಜಾಗ ಬೇಕು.

ಈ ಲೆಕ್ಕದಲ್ಲಿ ಜನ ಎಡವುವುದು ಎರಡು ಕಡೆ. ಉತ್ತರ 3.1 ಕಿಲೋ ಬಂದರೆ ಲೀಟರನ್ನೇ ಕಿಲೋ ಎಂದುಕೊಂಡಿದ್ದೀರಿ, ಡೆನ್ಸಿಟಿ ಬಿಟ್ಟುಹೋಗಿದೆ. 2.17 ಬಂದರೆ ಪುಸ್ತಕ ನೋಡಿ ಶುದ್ಧ ಆಕ್ಟೇನಿನ ತೂಕವನ್ನೇ, ಲೀಟರಿಗೆ 703 ಗ್ರಾಂ ಎಂದು, ಹಾಕಿದ್ದೀರಿ. ಆಕ್ಟೇನಿನಿಂದ ಸೂತ್ರವನ್ನಷ್ಟೇ ಎರವಲು ಪಡೆಯಬೇಕು, ತೂಕ ಬಂಕಿನ ಪೆಟ್ರೋಲಿನದೇ ಆಗಿರಬೇಕು.

ಹಾಗೆ ಮಾಡಿದರೂ ಸ್ವಲ್ಪ ಕೊರತೆ ಉಳಿಯುತ್ತದೆ. ನಿಜವಾದ ಪೆಟ್ರೋಲಿನಲ್ಲಿ ಟಾಲ್ಯೂಯೀನ್‌ನಂಥ ವಸ್ತುಗಳಿವೆ. ಅವುಗಳಲ್ಲಿ ಜಲಜನಕ ಕಡಿಮೆ, ಇಂಗಾಲ ಹೆಚ್ಚು. ಅದಕ್ಕಾಗಿ ನಿಜವಾದ ಅಂಕಿ 2.35ರ ಹತ್ತಿರಕ್ಕೆ ಹೋಗಬಹುದು. ಒಂದೇ ಅಣುವನ್ನು ಹಿಡಿದು ಮಾಡಿದ ಲೆಕ್ಕ ಇಷ್ಟು ಹತ್ತಿರ ಬರುವುದು ನನಗೆ ಈಗಲೂ ಖುಷಿ ಕೊಡುತ್ತದೆ. ಎಥನಾಲ್ ಬೆರೆತರೆ ಮಾತು ಬೇರೆ: ಅದರ ಒಂದು ಲೀಟರ್ ಸುಮಾರು 1.5 ಕಿಲೋ ಮಾತ್ರ ಕೊಡುತ್ತದೆ. ಆದರೆ ಅದರಲ್ಲಿ ಶಕ್ತಿಯೂ ಕಡಿಮೆ, ಅಷ್ಟೇ ದೂರಕ್ಕೆ ಹೆಚ್ಚು ಸುಡಬೇಕು.

ಗಾಡಿ ಹೊಸದಾದರೆ ಲೀಟರಿಗೆ ಹೊರಬರುವ ಅನಿಲವೂ ಕಡಿಮೆಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಒಳಗೆ ಹೋದ ಇಂಗಾಲ ಹೊರಗೆ ಬರಲೇಬೇಕು. ಒಳ್ಳೆಯ ಎಂಜಿನ್ ಮಾಡುವುದು ಅದೇ ಲೀಟರಿನಲ್ಲಿ ಹೆಚ್ಚು ದೂರ ಓಡುವುದನ್ನು. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್ ಕಿಲೋಮೀಟರಿಗೆ 51 ಗ್ರಾಂ ಬಿಟ್ಟರೆ, 15 ಕೊಡುವ ಕಾರು 153 ಗ್ರಾಂ ಬಿಡುತ್ತದೆ. ಆ ಕಾರಿನಲ್ಲಿ ದಿನಕ್ಕೆ 20 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಕಚೇರಿಗೆ ಹೋಗಿಬಂದರೆ 400 ಲೀಟರ್ ಖರ್ಚಾಗುತ್ತದೆ, ಹೊರಬರುವುದು 920 ಕಿಲೋ. ಮುಂದಿನ ಸಲ ಬಂಕಿನ ಚೀಟಿ ಕೈಗೆ ಬಂದಾಗ ಲೀಟರನ್ನು 2.3ರಿಂದ ಗುಣಿಸಿ, ನಿಮ್ಮ ಅಂಕಿಯನ್ನು ನೀವೇ ನೋಡಿ.